ಅಸೆಸ್‌ಮೆಂಟ್ ಇಯರ್, ಫೈನಾನ್ಷಿಯಲ್ ಇಯರ್: ಒಂದೇ ಫಾರಂನಲ್ಲಿ ಎರಡು ವರ್ಷ ಯಾಕೆ, ಎಲ್ಲಿ ಯಾವುದನ್ನು ಬರೆಯಬೇಕು

2025ರ ಜುಲೈನಲ್ಲಿ ಅಕ್ಕ ಫೋನ್ ಮಾಡಿದಳು. ಅವಳು ತಿಪಟೂರು ಕಡೆ ಒಂದು ಖಾಸಗಿ ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ದನಿಯಲ್ಲಿ ಸಿಟ್ಟಿತ್ತು.

"ಬಜೆಟ್ಟಲ್ಲಿ 12 ಲಕ್ಷದ ತನಕ ತೆರಿಗೆ ಇಲ್ಲ ಅಂದ್ರಲ್ವೇನೋ? ಅದು 2025-26ರಿಂದ ಅಂತ ಪೇಪರಲ್ಲೂ ಬಂದಿತ್ತು. ನನ್ನ ಫಾರಂ 16ರಲ್ಲಿ 2025-26 ಅಂತಲೇ ಇದೆ. ನನಗೆ ಬರೋದೇ 9 ಲಕ್ಷ. ಮತ್ತೆ 33,800 ರೂಪಾಯಿ ಯಾಕೆ ಹಿಡ್ಕೊಂಡಿದ್ದಾರೆ?"

ಅಕ್ಕ ಓದಿದ ಎರಡೂ ಸರಿಯೇ. ಪೇಪರಿನಲ್ಲಿ 2025-26 ಅಂತ ಇತ್ತು, ಸಂಬಳಕ್ಕೂ ಹಿಡಿದ ತೆರಿಗೆಗೂ ಲೆಕ್ಕವಾಗಿ ಕಾಲೇಜಿನವರು ಕೊಡುವ ಫಾರಂ 16ರಲ್ಲೂ 2025-26 ಅಂತ ಇತ್ತು. ಆದರೆ ಪೇಪರಿನದು ಫೈನಾನ್ಷಿಯಲ್ ಇಯರ್, ಅಂದರೆ ಹಣಕಾಸು ವರ್ಷ. ಫಾರಂನದು ಅಸೆಸ್‌ಮೆಂಟ್ ಇಯರ್. ಅಂಕಿ ಒಂದೇ, ಅವು ಹೇಳುವ ಆದಾಯ ಬೇರೆ ಬೇರೆ ವರ್ಷದ್ದು.

ನಾನು ಆಡಿಟರ್ ಆಫೀಸೊಂದರಲ್ಲಿ ವರ್ಷಗಟ್ಟಲೆ ರಿಟರ್ನ್ ತುಂಬಿಸುವ ಕೆಲಸ ಮಾಡಿದವನು. ಜನ ಸ್ಲ್ಯಾಬ್ ಲೆಕ್ಕದಲ್ಲಿ ತಪ್ಪಿದ್ದಕ್ಕಿಂತ ಜಾಸ್ತಿ ಈ ಎರಡು ವರ್ಷಗಳ ನಡುವೆ ತಪ್ಪಿದ್ದನ್ನು ನೋಡಿದ್ದೇನೆ. ಹಾಗಾಗಿ ಅಕ್ಕನ ಕಾಗದಗಳನ್ನೇ ಇಟ್ಟುಕೊಂಡು, ಮೊದಲಿನಿಂದ ಕೊನೆಯ ತನಕ ಹೇಳುತ್ತೇನೆ.

ಮೊದಲು, ಎರಡರ ಅರ್ಥ

ಹಣಕಾಸು ವರ್ಷ ಅಂದರೆ ನೀವು ದುಡಿದ ವರ್ಷ. ಏಪ್ರಿಲ್ 1ಕ್ಕೆ ಶುರು, ಮುಂದಿನ ಮಾರ್ಚ್ 31ಕ್ಕೆ ಮುಗಿಯಿತು. ಸಂಬಳ ಬಂದದ್ದು, ಬ್ಯಾಂಕು ಬಡ್ಡಿ ಕೊಟ್ಟದ್ದು, ಬಾಡಿಗೆ ಬಂದದ್ದು ಎಲ್ಲ ಈ ಹನ್ನೆರಡು ತಿಂಗಳ ಒಳಗೆ.

ಅಸೆಸ್‌ಮೆಂಟ್ ಇಯರ್ ಅಂದರೆ ಆ ದುಡಿಮೆಯ ಲೆಕ್ಕ ಒಪ್ಪಿಸುವ ವರ್ಷ. ದುಡಿದ ವರ್ಷ ಮುಗಿದ ಮಾರನೇ ದಿನವೇ, ಅಂದರೆ ಏಪ್ರಿಲ್ 1ಕ್ಕೆ, ಇದು ಶುರು. ಇದೂ ಹನ್ನೆರಡು ತಿಂಗಳು. ರಿಟರ್ನ್ ಸಲ್ಲಿಸುವುದು, ಇಲಾಖೆ ಅದನ್ನು ನೋಡಿ ಇಷ್ಟು ತೆರಿಗೆ ಅಂತ ತೀರ್ಮಾನಿಸುವುದು ಈ ವರ್ಷದ ಕೆಲಸ. ಕನ್ನಡದಲ್ಲಿ ಕರ ನಿರ್ಧರಣಾ ವರ್ಷ ಅಂತಾರೆ, ಆದರೆ ಮಾತಿನಲ್ಲಿ ಎಲ್ಲರೂ ಅಸೆಸ್‌ಮೆಂಟ್ ಇಯರ್ ಅಂತಲೇ ಹೇಳುವುದು.

ಅಕ್ಕ 2024ರ ಏಪ್ರಿಲ್ 1ರಿಂದ 2025ರ ಮಾರ್ಚ್ 31ರ ತನಕ ಸಂಬಳ ತೆಗೆದುಕೊಂಡಳು. ಅದು ಹಣಕಾಸು ವರ್ಷ 2024-25. ಅದರ ಲೆಕ್ಕ ಒಪ್ಪಿಸುವುದು 2025ರ ಏಪ್ರಿಲ್ 1ರ ನಂತರ. ಅದು ಅಸೆಸ್‌ಮೆಂಟ್ ಇಯರ್ 2025-26. ಅವಳ ಫಾರಂ 16ರಲ್ಲಿ ಇದ್ದದ್ದು ಈ ಎರಡನೆಯದು.

1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ದುಡಿದ ವರ್ಷಕ್ಕೆ ಇನ್ನೊಂದು ಹೆಸರಿದೆ: ಪ್ರೀವಿಯಸ್ ಇಯರ್. ನೋಟಿಸ್‌ಗಳಲ್ಲಿ ಈ ಪದ ಕಂಡರೆ ಕಳೆದ ವರ್ಷ ಅಂತ ಅಂದುಕೊಳ್ಳಬೇಡಿ. ಅಸೆಸ್‌ಮೆಂಟ್ ಇಯರ್‌ಗೆ ಹಿಂದಿನದು ಅಂತ ಅದರ ಅರ್ಥ. ಸಂಬಳದವರಿಗೆ ಅದೂ ಹಣಕಾಸು ವರ್ಷವೂ ಒಂದೇ.

ಒಂದೇ ವರ್ಷ ಇಟ್ಟರೆ ಆಗುತ್ತಿರಲಿಲ್ಲವಾ?

ಅಕ್ಕನೂ ಇದನ್ನೇ ಕೇಳಿದಳು. ಉತ್ತರದಲ್ಲಿ ಎರಡು ಭಾಗ ಇದೆ.

ಮೊದಲನೆಯದು ಸುಲಭ. ವರ್ಷ ಮುಗಿಯದೆ ಆ ವರ್ಷದ ಆದಾಯ ಎಷ್ಟು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಮಾರ್ಚ್ 28ಕ್ಕೆ ಬೋನಸ್ ಬರಬಹುದು, ಮಾರ್ಚ್ 31ಕ್ಕೆ ಬ್ಯಾಂಕು ಬಡ್ಡಿ ಹಾಕಬಹುದು. ಹಾಗಾಗಿ ಲೆಕ್ಕ ಹಾಕುವ ಕೆಲಸ ವರ್ಷ ಕಳೆದ ಮೇಲೇ ಆಗಬೇಕು.

ಆದರೆ ಇದಿಷ್ಟೇ ಕಾರಣ ಆಗಿದ್ದರೆ, ದುಡಿದ ವರ್ಷದ ಹೆಸರನ್ನೇ ಫಾರಂ ಮೇಲೆ ಬರೆದರೆ ಸಾಕಿತ್ತಲ್ವಾ? ಲೆಕ್ಕ ಕೊಡುವ ವರ್ಷಕ್ಕೆ ಬೇರೆ ಹೆಸರು ಕೊಟ್ಟು ಅದನ್ನೇ ಎಲ್ಲ ಕಡೆ ಬರೆಸುವುದು ಯಾಕೆ? ಇದಕ್ಕೆ ಉತ್ತರ ಹಳೆಯ ಅಂಗಡಿಗಳ ಖಾತೆ ಪುಸ್ತಕದಲ್ಲಿದೆ.

ನಮ್ಮ ಕಡೆ ವ್ಯಾಪಾರಸ್ಥರು ದೀಪಾವಳಿಗೆ ಲಕ್ಷ್ಮಿ ಪೂಜೆ ಮಾಡಿ ಹೊಸ ಖಾತೆ ತೆಗೆಯುವುದು ಗೊತ್ತೇ ಇದೆ. ಹಿಂದೆ ಅದು ಬರೀ ಪೂಜೆಯಾಗಿರಲಿಲ್ಲ. ಅವರ ಲೆಕ್ಕದ ವರ್ಷವೇ ದೀಪಾವಳಿಯಿಂದ ದೀಪಾವಳಿಗೆ ಇರುತ್ತಿತ್ತು. ಆದಾಯ ತೆರಿಗೆ ಕಾನೂನೂ ಅದನ್ನು ಒಪ್ಪುತ್ತಿತ್ತು. ಕೆಲವರು ಜನವರಿಯಿಂದ ಡಿಸೆಂಬರ್‌ಗೆ ಲೆಕ್ಕ ಇಡುತ್ತಿದ್ದರು, ಕೆಲವರು ಏಪ್ರಿಲ್‌ನಿಂದ ಮಾರ್ಚ್‌ಗೆ. ಒಬ್ಬನೇ ಮನುಷ್ಯ ಒಂದೊಂದು ಆದಾಯಕ್ಕೆ ಒಂದೊಂದು ವರ್ಷ ಇಟ್ಟುಕೊಳ್ಳುವುದಕ್ಕೂ ಅವಕಾಶವಿತ್ತು.

ಈಗ ಮೂರು ಜನರನ್ನು ನೆನೆಸಿಕೊಳ್ಳಿ. ಒಬ್ಬ ಮಂಡಿ ವ್ಯಾಪಾರಿಯ ವರ್ಷ 1985ರ ದೀಪಾವಳಿಗೆ ಮುಗಿಯಿತು. ಇನ್ನೊಬ್ಬರದು 1985ರ ಡಿಸೆಂಬರ್ 31ಕ್ಕೆ. ಒಬ್ಬ ಮೇಷ್ಟ್ರ ಸಂಬಳದ ವರ್ಷ 1986ರ ಮಾರ್ಚ್ 31ಕ್ಕೆ. ಮೂರು ಜನ ದುಡಿದ ಅವಧಿ ಬೇರೆ ಬೇರೆ. ಆದರೆ 1986ರ ಏಪ್ರಿಲ್ 1 ಬಂದಾಗ ಮೂರೂ ಲೆಕ್ಕ ಮುಗಿದಿರುತ್ತಿತ್ತು. ಹಾಗಾಗಿ ಮೂವರೂ ಅಸೆಸ್‌ಮೆಂಟ್ ಇಯರ್ 1986-87ಕ್ಕೆ ರಿಟರ್ನ್ ಕೊಡುತ್ತಿದ್ದರು. ಮೂವರಿಗೂ ಅದೇ ವರ್ಷಕ್ಕೆ ಗೊತ್ತುಮಾಡಿದ ದರ.

ದುಡಿದ ವರ್ಷ ಅವರವರದು, ಲೆಕ್ಕ ಒಪ್ಪಿಸುವ ವರ್ಷ ಎಲ್ಲರಿಗೂ ಒಂದೇ. ಸರ್ಕಾರಕ್ಕೆ ಎಲ್ಲರ ಕಡತಕ್ಕೂ ಅಂಟಿಸುವುದಕ್ಕೆ ಸಿಗುತ್ತಿದ್ದ ಒಂದೇ ಒಂದು ಹೆಸರು ಅಸೆಸ್‌ಮೆಂಟ್ ಇಯರ್. ಅದಕ್ಕೇ ಫಾರಂ, ಚಲನ್, ನೋಟಿಸ್ ಎಲ್ಲದರ ಮೇಲೂ ಅದು ಕೂತಿತು.

ಅಸೆಸ್‌ಮೆಂಟ್ ಇಯರ್ 1989-90ರಿಂದ ಈ ಸ್ವಾತಂತ್ರ್ಯ ನಿಂತಿತು. ಎಲ್ಲರೂ ಏಪ್ರಿಲ್‌ನಿಂದ ಮಾರ್ಚ್‌ಗೇ ಲೆಕ್ಕ ಕೊಡಬೇಕು ಅಂತಾಯಿತು. ಎರಡು ಹೆಸರಿನ ಮುಖ್ಯ ಕಾರಣ ಅಲ್ಲಿಗೆ ಹೋಯಿತು. ಹೆಸರುಗಳು ಮಾತ್ರ ಉಳಿದವು.

ಹೆಜ್ಜೆ 1: ದಿನಾಂಕದಿಂದ ಶುರು ಮಾಡಿ

ಅಂಕಿಯಿಂದ ಶುರು ಮಾಡಿದರೆ ಗೊಂದಲ ಖಂಡಿತ. ಆದಾಯದ ದಿನಾಂಕದಿಂದ ಶುರು ಮಾಡಿ. ಒಂದು ಕಾಗದ ತೆಗೆದುಕೊಂಡು ಹೀಗೆ ಬರೆಯಿರಿ:

```
ಆದಾಯದ ಅವಧಿ       : 1-4-2024 ರಿಂದ 31-3-2025
Financial Year   : 2024-25
Assessment Year  : 2025-26
```

ಮೊದಲ ಸಾಲು ಗೊತ್ತಾದರೆ ಎರಡನೆಯದು ತಾನಾಗಿ ಬರುತ್ತದೆ. ಎರಡನೆಯದಕ್ಕೆ ಎರಡೂ ಕಡೆ ಒಂದೊಂದು ಸೇರಿಸಿದರೆ ಮೂರನೆಯದು. ಫಾರಂ ತುಂಬಿ ಮುಗಿಸುವ ತನಕ ಈ ಕಾಗದ ಕಣ್ಣೆದುರು ಇರಲಿ.

ಜನವರಿ, ಫೆಬ್ರವರಿ, ಮಾರ್ಚ್ ತಿಂಗಳ ಆದಾಯದಲ್ಲಿ ಹೆಚ್ಚು ಎಚ್ಚರ ಬೇಕು. 2025ರ ಫೆಬ್ರವರಿಯಲ್ಲಿ ಬಂದ ಬಾಡಿಗೆ ಹಣಕಾಸು ವರ್ಷ 2024-25ಕ್ಕೇ ಸೇರಿದ್ದು. ಕ್ಯಾಲೆಂಡರ್ ಬದಲಾಯಿತು ಅಂತ ತೆರಿಗೆ ವರ್ಷ ಬದಲಾಗುವುದಿಲ್ಲ. ಬ್ಯಾಂಕಿನಲ್ಲಿ ಬಡ್ಡಿಯ ಸರ್ಟಿಫಿಕೇಟ್ ಕೇಳುವಾಗಲೂ "ಏಪ್ರಿಲ್ 1ರಿಂದ ಮಾರ್ಚ್ 31ರದು ಕೊಡಿ" ಅಂತ ದಿನಾಂಕ ಹೇಳಿಯೇ ಕೇಳಿ. ಅಮೆರಿಕದಲ್ಲಿರುವ ನಮ್ಮವರಿಗೆ ಇದು ಇನ್ನೂ ತೊಡಕು. ಅಲ್ಲಿ ತೆರಿಗೆಯ ವರ್ಷ ಜನವರಿಯಿಂದ ಡಿಸೆಂಬರ್. ಅನಿವಾಸಿಗಳು ಇಲ್ಲಿನ ಬ್ಯಾಂಕಿನಲ್ಲಿ ಇಡುವ ಎನ್‌ಆರ್‌ಓ ಖಾತೆಯ ಬಡ್ಡಿಯನ್ನು ಅವರು ಎರಡು ದೇಶಕ್ಕೆ ಎರಡು ರೀತಿ ಕತ್ತರಿಸಿ ತೋರಿಸಬೇಕಾಗುತ್ತದೆ. ಒಂದು ಕಡೆಯ ಮೊತ್ತವನ್ನು ಇನ್ನೊಂದು ಕಡೆಗೆ ಹಾಗೇ ಎತ್ತಿ ಹಾಕುವಂತಿಲ್ಲ.

ಹೆಜ್ಜೆ 2: ಯಾವ ಕಾಗದ ಯಾವ ವರ್ಷದ ಹೆಸರಲ್ಲಿ ಮಾತಾಡುತ್ತದೆ ನೋಡಿ

ಫಾರಂ 16ರ ಮೊದಲ ಭಾಗದಲ್ಲಿ ಅಸೆಸ್‌ಮೆಂಟ್ ಇಯರ್ ಇರುತ್ತದೆ. ಅದರ ಪಕ್ಕದಲ್ಲೇ ನೀವು ಆ ಸಂಸ್ಥೆಯಲ್ಲಿ ಕೆಲಸ ಮಾಡಿದ ಅವಧಿ, ಇಂದ-ತನಕ ಅಂತ ದಿನಾಂಕದ ಸಮೇತ ಇರುತ್ತದೆ. ಅಕ್ಕನಿಗೆ ನಾನು ಹೇಳಿದ್ದು ಇಷ್ಟೇ: "ಆ 2025-26 ಬಿಡು. ಪಕ್ಕದ ದಿನಾಂಕ ಓದು." ಅವಳು ಓದಿದಳು. ಏಪ್ರಿಲ್ 2024ರಿಂದ ಮಾರ್ಚ್ 2025. ಒಂದು ಕ್ಷಣ ಸುಮ್ಮನಾಗಿ, "ಓ, ಇದು ಹೋದ ವರ್ಷದ ಸಂಬಳದ್ದು" ಅಂದಳು. ಅರ್ಧ ಗೊಂದಲ ಅಲ್ಲೇ ಬಗೆಹರಿಯಿತು.

ರಿಟರ್ನ್ ತುಂಬುವ ಐಟಿಆರ್ ಫಾರಂ ಕೇಳುವುದು ಅಸೆಸ್‌ಮೆಂಟ್ ಇಯರ್. ಇಲಾಖೆಯ ವೆಬ್‌ಸೈಟಿನಲ್ಲಿ ಆಯ್ಕೆಯ ಪಟ್ಟಿ ತೆರೆದರೆ ಆ ಹೊತ್ತಿನ ವರ್ಷದ ಮುಂದೆ Current A.Y. ಅಂತ ಬರೆದಿರುತ್ತದೆ. ಹಾಗಾಗಿ ಇಲ್ಲಿ ತಪ್ಪುವವರು ಕಡಿಮೆ. ರಿಟರ್ನ್ ಸಲ್ಲಿಸಿದ ಮೇಲೆ ಸಿಗುವ ಸ್ವೀಕೃತಿಯಲ್ಲೂ ಅಸೆಸ್‌ಮೆಂಟ್ ಇಯರ್ ಇರುತ್ತದೆ. ಸಾಲಕ್ಕೆ ಹೋದಾಗ ಬ್ಯಾಂಕಿನವರು ಎರಡು ಮೂರು ವರ್ಷದ ರಿಟರ್ನ್ ಕೇಳುತ್ತಾರಲ್ಲ, ಆಗ ಯಾವ ಲೆಕ್ಕದ ವರ್ಷ ಅಂತ ಒಂದು ಮಾತು ಕೇಳಿಕೊಳ್ಳಿ. ಇಲ್ಲದಿದ್ದರೆ ಒಂದು ವರ್ಷದ್ದು ಕಡಿಮೆ ಬಿದ್ದು ಮತ್ತೆ ಓಡಾಡಬೇಕು.

ತೊಡಕು ಇರುವುದು ವೆಬ್‌ಸೈಟಿನಲ್ಲಿ ಸಿಗುವ 26ಎಎಸ್ ಮತ್ತು ಎಐಎಸ್ ಅನ್ನುವ ಎರಡು ಲೆಕ್ಕಪಟ್ಟಿಗಳ ನಡುವೆ. ಎರಡರಲ್ಲೂ ನಿಮ್ಮ ಟಿಡಿಎಸ್, ಅಂದರೆ ಸಂಬಳವನ್ನೋ ಬಡ್ಡಿಯನ್ನೋ ಕೊಡುವವರು ಮೊದಲೇ ಹಿಡಿದ ತೆರಿಗೆ ಕಾಣುತ್ತದೆ. ನೀವೇ ಕಟ್ಟಿದ ತೆರಿಗೆ ಕಾಣುವುದು ಎಐಎಸ್‌ನಲ್ಲಿ. ಆದರೆ 26ಎಎಸ್ ತೆರೆಯುವಾಗ ಆರಿಸಬೇಕಾದ್ದು ಅಸೆಸ್‌ಮೆಂಟ್ ಇಯರ್. ಎಐಎಸ್ ತೆರೆಯುವಾಗ ಆರಿಸಬೇಕಾದ್ದು ಹಣಕಾಸು ವರ್ಷ. ಎರಡರಲ್ಲೂ 2025-26 ಆರಿಸಿದರೆ ಒಂದರಲ್ಲಿ 2025ರ ಮಾರ್ಚ್ ತನಕದ ಸಂಬಳ, ಇನ್ನೊಂದರಲ್ಲಿ ಅದರ ಮುಂದಿನ ವರ್ಷದ ಸಂಬಳ ಕಾಣುತ್ತದೆ. ಎರಡೂ ತಾಳೆಯಾಗದೆ, ಕಾಲೇಜಿನವರು ಟಿಡಿಎಸ್ ಕಟ್ಟೇ ಇಲ್ಲ ಅಂತ ಗಾಬರಿಯಾದವರನ್ನು ಕಂಡಿದ್ದೇನೆ. ತಾಳೆಯಾಗದಿದ್ದರೆ ಮೊದಲು ಮೇಲ್ಭಾಗದ ವರ್ಷ ನೋಡಿ, ಆಮೇಲೆ ಮೊತ್ತ ನೋಡಿ.

ಹೆಜ್ಜೆ 3: ಆ ವರ್ಷದ ದರವನ್ನೇ ಹಾಕಿ

ಈಗ ಅಕ್ಕನ ಸಿಟ್ಟಿನ ಮೂಲಕ್ಕೆ ಬರೋಣ. 2025ರ ಫೆಬ್ರವರಿ 1ರ ಬಜೆಟ್‌ನಲ್ಲಿ ಹೇಳಿದ 12 ಲಕ್ಷದ ರಿಯಾಯಿತಿ ಹಣಕಾಸು ವರ್ಷ 2025-26ರ ಆದಾಯಕ್ಕೆ. ಕಾನೂನಿನ ಭಾಷೆಯಲ್ಲಿ ಅದು 2026ರ ಏಪ್ರಿಲ್ 1ರಂದು ಅಥವಾ ಆಮೇಲೆ ಶುರುವಾಗುವ ಅಸೆಸ್‌ಮೆಂಟ್ ಇಯರ್‌ಗೆ. ಅಂದರೆ ಅಸೆಸ್‌ಮೆಂಟ್ ಇಯರ್ 2026-27. ಅಕ್ಕ 2025ರ ಜುಲೈನಲ್ಲಿ ತುಂಬುತ್ತಿದ್ದದ್ದು ಅದಕ್ಕೆ ಹಿಂದಿನದು.

ಅವಳ ಲೆಕ್ಕ ಹೀಗಿತ್ತು. ಅವಳು ಹೊಸ ತೆರಿಗೆ ಪದ್ಧತಿಯಲ್ಲಿದ್ದಾಳೆ. ಸಂಬಳ 9,00,000. ಅದರಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದರೆ 8,25,000. ಆ ವರ್ಷದ ದರದಂತೆ 3 ಲಕ್ಷದ ತನಕ ಏನೂ ಇಲ್ಲ, 3ರಿಂದ 7 ಲಕ್ಷಕ್ಕೆ ಶೇಕಡ 5, 7ರಿಂದ 10 ಲಕ್ಷಕ್ಕೆ ಶೇಕಡ 10. ಹಾಗಾಗಿ 20,000 ಮತ್ತು 12,500 ಸೇರಿ 32,500. ಅದರ ಮೇಲೆ ಶೇಕಡ 4 ಸೆಸ್ 1,300. ಒಟ್ಟು 33,800. ಕಾಲೇಜಿನವರು ಹಿಡಿದದ್ದು ಸರಿಯಾಗಿ ಇಷ್ಟನ್ನೇ. ಆ ವರ್ಷ ಪೂರ್ತಿ ರಿಯಾಯಿತಿ ಸಿಗುತ್ತಿದ್ದದ್ದು 7 ಲಕ್ಷದ ತನಕದ ಆದಾಯಕ್ಕೆ ಮಾತ್ರ, ಅವಳದು ಅದನ್ನು ದಾಟಿತ್ತು.

ಆದರೆ ಅವಳಿಗೆ ಎರಡು ಬ್ಯಾಂಕಿನಲ್ಲಿ ಎಫ್‌ಡಿ ಇತ್ತು. ಬಡ್ಡಿ ಒಂದರಲ್ಲಿ 38,000, ಇನ್ನೊಂದರಲ್ಲಿ 32,000. ಆ ವರ್ಷ ಒಂದು ಬ್ಯಾಂಕಿನ ಬಡ್ಡಿ 40,000 ದಾಟಿದರೆ ಮಾತ್ರ ಟಿಡಿಎಸ್. ಹಾಗಾಗಿ ಯಾರೂ ಏನೂ ಹಿಡಿದಿರಲಿಲ್ಲ. ಹಿಡಿದಿಲ್ಲ ಅಂದರೆ ತೆರಿಗೆ ಇಲ್ಲ ಅಂತಲ್ಲ. ಬಡ್ಡಿ ಸೇರಿಸಿದರೆ ಆದಾಯ 8,95,000. ತೆರಿಗೆ 39,500, ಸೆಸ್ 1,580, ಒಟ್ಟು 41,080. ಹಿಡಿದ 33,800 ಕಳೆದರೆ ಕಟ್ಟಬೇಕಾದ್ದು 7,280 ರೂಪಾಯಿ.

ಇದೇ 8,95,000 ರೂಪಾಯಿಯನ್ನು ಮುಂದಿನ ಹಣಕಾಸು ವರ್ಷ 2025-26ರಲ್ಲಿ ದುಡಿದಿದ್ದರೆ? ಸ್ಲ್ಯಾಬ್ ಪ್ರಕಾರ 29,500 ಬರುತ್ತದೆ, ಆದರೆ ಆದಾಯ 12 ಲಕ್ಷದ ಒಳಗಿರುವುದರಿಂದ ಅಷ್ಟೂ ರಿಯಾಯಿತಿಯಲ್ಲಿ ಹೋಗುತ್ತದೆ. ತೆರಿಗೆ ಸೊನ್ನೆ. ಒಂದು ವರ್ಷದ ಹೆಸರು ತಪ್ಪಾಗಿ ಓದಿದರೆ 41,080ಕ್ಕೂ ಸೊನ್ನೆಗೂ ನಡುವಿನ ತಪ್ಪು. ವೆಬ್‌ಸೈಟಿನಲ್ಲಿ ತುಂಬಿದರೆ ದರವನ್ನು ಅದೇ ಹಾಕಿಕೊಳ್ಳುತ್ತದೆ. ಆದರೆ ಕೈಯಲ್ಲಿ ಲೆಕ್ಕ ಹಾಕಿ, ತೆರಿಗೆ ಬರುವುದಿಲ್ಲ ಅಂತ ನಂಬಿ ರಿಟರ್ನ್ ಸಲ್ಲಿಸದೇ ಕೂತವರಿಗೆ ಅದು ಸಹಾಯ ಮಾಡುವುದಿಲ್ಲ.

ಹೆಜ್ಜೆ 4: ಹಣ ಕಟ್ಟುವಾಗ ಎರಡು ಸಲ ನೋಡಿ

ನನ್ನ ಅನುಭವದಲ್ಲಿ ನಿಜವಾದ ನಷ್ಟ ಆಗುವುದು ಈ ಜಾಗದಲ್ಲಿ. ಇಲ್ಲಿ ತಪ್ಪಿದರೆ ಹಣ ಹೋಗಿ ಬೇರೆ ವರ್ಷದ ಲೆಕ್ಕದಲ್ಲಿ ಕೂರುತ್ತದೆ.

ವೆಬ್‌ಸೈಟಿನ e-Pay Tax ಜಾಗದಲ್ಲಿ ಆದಾಯ ತೆರಿಗೆ ಆರಿಸಿದ ಮೇಲೆ ಎರಡು ವಿಷಯ ಕೇಳುತ್ತದೆ. ಒಂದು Assessment Year. ಇನ್ನೊಂದು, ಇದು ಯಾವ ಬಗೆಯ ಪಾವತಿ. ವರ್ಷ ಮುಗಿದ ಮೇಲೆ, ರಿಟರ್ನ್‌ಗೆ ಮುಂಚೆ ಬಾಕಿ ಕಟ್ಟುವುದು Self-Assessment Tax, ಅದರ ಸಂಖ್ಯೆ 300. ವರ್ಷ ನಡೆಯುತ್ತಿರುವಾಗಲೇ ಕಟ್ಟುವುದು Advance Tax, ಸಂಖ್ಯೆ 100. ಟಿಡಿಎಸ್ ಕಳೆದು ವರ್ಷದ ತೆರಿಗೆ 10,000 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಅಡ್ವಾನ್ಸ್ ಟ್ಯಾಕ್ಸ್ ಕಟ್ಟಬೇಕು. ಅಕ್ಕನ ಬಾಕಿ ಅದಕ್ಕಿಂತ ಕಡಿಮೆ, ಹಾಗಾಗಿ ಅವಳದು 300.

ಜನ ತಪ್ಪುವುದು ಎರಡು ರೀತಿ. ಮೊದಲನೆಯದು ಅಕ್ಕ ಮಾಡಿದ್ದು. "ನಾನು ದುಡಿದದ್ದು 2024-25ರಲ್ಲಿ" ಅಂತ ಚೆನ್ನಾಗಿ ನೆನಪಿಟ್ಟುಕೊಂಡು, ಪಟ್ಟಿಯಲ್ಲಿ 2024-25 ಒತ್ತಿ 7,280 ಕಟ್ಟಿಬಿಟ್ಟಳು. ಅವಳು ನೆನಪಿಟ್ಟದ್ದು ಸರಿ, ಆದರೆ ಅಲ್ಲಿ ಕೇಳಿದ್ದು ಅಸೆಸ್‌ಮೆಂಟ್ ಇಯರ್. ಆ ಹಣ 2023-24ರಲ್ಲಿ ದುಡಿದದ್ದರ ಲೆಕ್ಕಕ್ಕೆ ಹೋಯಿತು.

ಎರಡನೆಯದು ಅಡ್ವಾನ್ಸ್ ಟ್ಯಾಕ್ಸ್ ಕಟ್ಟುವವರದು. 2025ರ ಮಾರ್ಚ್ 15ಕ್ಕೆ ಕೊನೆಯ ಕಂತು ಕಟ್ಟುವಾಗ ನಡೆಯುತ್ತಿದ್ದದ್ದು ಹಣಕಾಸು ವರ್ಷ 2024-25. ಅವರು ಆರಿಸಬೇಕಾದ್ದು ಅಸೆಸ್‌ಮೆಂಟ್ ಇಯರ್ 2025-26, ಅಂದರೆ ಇನ್ನೂ ಶುರುವೇ ಆಗದ ವರ್ಷ. ಇನ್ನೂ ಬಾರದ ವರ್ಷದ ಹೆಸರಲ್ಲಿ ಹಣ ಕಟ್ಟಲು ಕೈ ಹಿಂಜರಿಯುತ್ತದೆ. ಅದಕ್ಕೇ ಹಿಂದಿನದನ್ನು ಒತ್ತಿಬಿಡುತ್ತಾರೆ. 1961ರ ಕಾಯ್ದೆಯ ಕೆಳಗೆ, ಅಡ್ವಾನ್ಸ್ ಟ್ಯಾಕ್ಸ್ ಕಟ್ಟುವ ಹೊತ್ತಿಗೆ ಅದರ ಅಸೆಸ್‌ಮೆಂಟ್ ಇಯರ್ ಯಾವಾಗಲೂ ಮುಂದೆಯೇ ಇರುತ್ತದೆ.

ಹಣ ಕಟ್ಟಿದ ತಕ್ಷಣ ರಸೀದಿ ಇಳಿಸಿಕೊಂಡು ವರ್ಷ ಓದಿ. ಅದರಲ್ಲಿ ಬ್ಯಾಂಕ್ ಶಾಖೆಯನ್ನು ಗುರುತಿಸುವ ಬಿಎಸ್‌ಆರ್ ಕೋಡ್, ದಿನಾಂಕ, ಚಲನ್ ಸಂಖ್ಯೆ ಇರುತ್ತದೆ. ರಿಟರ್ನ್‌ನಲ್ಲಿ ಇವು ಬೇಕಾಗುತ್ತವೆ. ಅಕ್ಕನ ತಪ್ಪು ಸಿಕ್ಕಿದ್ದೂ ಹೀಗೇ. ಮಾರನೇ ದಿನ ರಸೀದಿಯ ಫೋಟೋ ಕಳಿಸಿದಳು. ನಾನು ಮೊತ್ತ ನೋಡುವ ಮುಂಚೆ ವರ್ಷ ನೋಡಿದೆ.

ಹೆಜ್ಜೆ 5: ತಪ್ಪು ವರ್ಷಕ್ಕೆ ಕಟ್ಟಿದ್ದರೆ

ಇಲ್ಲಿ ದಿನಗಳ ಲೆಕ್ಕ ಮುಖ್ಯ. ವೆಬ್‌ಸೈಟಿಗೆ ಲಾಗಿನ್ ಆಗಿ Services ಒಳಗೆ Challan Correction ತೆರೆಯಿರಿ. ಹೊಸ ಕೋರಿಕೆ ಹಾಕಿ, ಬದಲಾಗಬೇಕಾದ್ದು ಅಸೆಸ್‌ಮೆಂಟ್ ಇಯರ್ ಅಂತ ಆರಿಸಿ, ಚಲನ್ ಹುಡುಕಿ, ಸರಿಯಾದ ವರ್ಷ ಕೊಟ್ಟು, ಕೊನೆಗೆ ದೃಢೀಕರಿಸಿ. ವರ್ಷ ಬದಲಿಸುವುದಕ್ಕೆ ಹಣ ಕಟ್ಟಿದ ದಿನದಿಂದ 7 ದಿನ ಮಾತ್ರ ಸಮಯ. ಪಾವತಿಯ ಬಗೆ ತಪ್ಪಿದ್ದರೆ, ಅಂದರೆ 300ರ ಬದಲು 100 ಒತ್ತಿದ್ದರೆ, 30 ದಿನ ಇರುತ್ತದೆ. ವರ್ಷಕ್ಕೆ ಯಾಕೆ ಇಷ್ಟು ಕಡಿಮೆ ದಿನವೋ, ಜನ ಜಾಸ್ತಿ ತಪ್ಪುವುದು ಅದರಲ್ಲೇ. ಹಾಗಾಗಿ ರಸೀದಿಯನ್ನು ಅವತ್ತೇ ಓದಿ ಅಂತ ಒತ್ತಿ ಹೇಳುತ್ತೇನೆ.

ಇನ್ನೊಂದು ಷರತ್ತಿದೆ. ಆ ಚಲನ್ ಯಾವ ರಿಟರ್ನ್‌ನಲ್ಲೂ ಬಳಕೆಯಾಗಿರಬಾರದು. ಹಾಗಾಗಿ ಮೊದಲು ಚಲನ್ ಸರಿ ಮಾಡಿಸಿ, ಆಮೇಲೆ ರಿಟರ್ನ್ ಸಲ್ಲಿಸಿ. ಅಕ್ಕ ಎರಡನೇ ದಿನವೇ ಕೋರಿಕೆ ಹಾಕಿದಳು. ಎಐಎಸ್‌ನಲ್ಲಿ ಆ 7,280 ಸರಿಯಾದ ವರ್ಷದ ಲೆಕ್ಕದಲ್ಲಿ ಕಾಣುವ ತನಕ ಕಾದು ರಿಟರ್ನ್ ಹಾಕಿದಳು. ಆ ವರ್ಷ ಅವಳಂಥವರಿಗೆ ಕೊನೆಯ ದಿನವನ್ನು ಜುಲೈ 31ರಿಂದ ಸೆಪ್ಟೆಂಬರ್‌ಗೆ ಮುಂದೂಡಿದ್ದರು, ಹಾಗಾಗಿ ಸಮಯಕ್ಕೆ ತೊಂದರೆಯಾಗಲಿಲ್ಲ.

7 ದಿನ ಮೀರಿದ್ದರೆ ನಿಮ್ಮ ವ್ಯಾಪ್ತಿಯ ಅಸೆಸಿಂಗ್ ಆಫೀಸರ್‌ಗೆ ಅರ್ಜಿ ಕೊಡಬೇಕು. ಅವರು ಯಾರು ಅಂತ ಪ್ಯಾನ್ ಸಂಖ್ಯೆಯಿಂದ ವೆಬ್‌ಸೈಟಿನಲ್ಲೇ ತಿಳಿಯುತ್ತದೆ. ಅರ್ಜಿಯ ಜೊತೆ ಚಲನ್ ಪ್ರತಿ, ಪ್ಯಾನ್ ಪ್ರತಿ ಇಡಿ. ತಪ್ಪು ವರ್ಷದ ಲೆಕ್ಕದಲ್ಲಿ ಆ ಹಣವನ್ನು ಬಳಸಿಕೊಂಡಿಲ್ಲ ಅಂತ ಒಂದು ಸಾಲು ಬರೆಯಿರಿ.

ಗೊತ್ತೇ ಆಗದೆ ರಿಟರ್ನ್ ಸಲ್ಲಿಸಿಬಿಟ್ಟಿದ್ದರೆ, ಕೆಲವು ವಾರಗಳಲ್ಲೋ ತಿಂಗಳಲ್ಲೋ ಇಲಾಖೆಯಿಂದ ಸೆಕ್ಷನ್ 143(1)ರ ಸೂಚನೆ ಬರುತ್ತದೆ. ನೀವು ಕಟ್ಟಿದೆ ಅಂದ ಮೊತ್ತ ನಮ್ಮ ಲೆಕ್ಕದಲ್ಲಿಲ್ಲ, ಬಡ್ಡಿ ಸೇರಿಸಿ ಕಟ್ಟಿ ಅಂತ ಅದರಲ್ಲಿರುತ್ತದೆ. ಗಾಬರಿಯಾಗಿ ಎರಡನೇ ಸಲ ಕಟ್ಟಬೇಡಿ. ಮೊದಲು ಎಐಎಸ್‌ನಲ್ಲಿ ಒಂದು ವರ್ಷ ಹಿಂದಿನದನ್ನೂ ಒಂದು ವರ್ಷ ಮುಂದಿನದನ್ನೂ ತೆರೆದು ನೋಡಿ. ನಿಮ್ಮ ಚಲನ್ ಅಲ್ಲಿ ಕೂತಿದ್ದರೆ ತಪ್ಪು ಇದೇ. ಇಲಾಖೆ ಕೇಳಿದ ಬಾಕಿಗೆ, ಅಂದರೆ ಡಿಮ್ಯಾಂಡ್‌ಗೆ, ಒಪ್ಪಿಗೆ ಇಲ್ಲ ಅಂತ ಚಲನ್ ವಿವರದ ಸಮೇತ ಉತ್ತರ ಕೊಟ್ಟು, ಅಧಿಕಾರಿಗೆ ಅರ್ಜಿಯನ್ನೂ ಕೊಡಿ.

ಕೊನೆಯ ದಿನಗಳನ್ನು ಎಣಿಸುವಾಗ

ಹಳೆಯ ವರ್ಷದ ಆದಾಯ ತೋರಿಸುವುದು ಬಿಟ್ಟುಹೋಗಿದ್ದರೆ ಐಟಿಆರ್-ಯು ಅಂತ ಇದೆ. ಹೆಚ್ಚುವರಿ ತೆರಿಗೆ ಕೊಟ್ಟು ಸರಿಪಡಿಸಿಕೊಳ್ಳುವ ದಾರಿ ಅದು. ಅದಕ್ಕೆ 48 ತಿಂಗಳು ಸಮಯ. ಆ 48 ತಿಂಗಳನ್ನು ಎಣಿಸುವುದು ಅಸೆಸ್‌ಮೆಂಟ್ ಇಯರ್ ಮುಗಿದ ದಿನದಿಂದ. ಹಣಕಾಸು ವರ್ಷ 2021-22ರ ಆದಾಯ ಅಂದರೆ ಅಸೆಸ್‌ಮೆಂಟ್ ಇಯರ್ 2022-23. ಅದು ಮುಗಿದದ್ದು 2023ರ ಮಾರ್ಚ್ 31ಕ್ಕೆ. ಅಲ್ಲಿಂದ 48 ತಿಂಗಳು ಅಂದರೆ 2027ರ ಮಾರ್ಚ್ 31. ದುಡಿದ ವರ್ಷದಿಂದ ಎಣಿಸಿದವರು 2026ರ ಮಾರ್ಚ್‌ಗೇ ಸಮಯ ಮುಗಿಯಿತು ಅಂತ ಕೈಬಿಡುತ್ತಾರೆ. ತಡ ಮಾಡಿದಷ್ಟೂ ಹೆಚ್ಚುವರಿ ತೆರಿಗೆ ಏರುತ್ತದೆ, ಆದರೆ ಬಾಗಿಲು ಮುಚ್ಚಿರುವುದಿಲ್ಲ. ರೀಫಂಡ್ ಕೇಳುವುದಕ್ಕೆ ಮಾತ್ರ ಇದನ್ನು ಬಳಸುವಂತಿಲ್ಲ.

2026ರ ಏಪ್ರಿಲ್ 1ರಿಂದ ಬದಲಾಗುವುದು

2025ರ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ. ಅದರಲ್ಲಿ ಪ್ರೀವಿಯಸ್ ಇಯರ್, ಅಸೆಸ್‌ಮೆಂಟ್ ಇಯರ್ ಎರಡನ್ನೂ ತೆಗೆದು ಟ್ಯಾಕ್ಸ್ ಇಯರ್ ಅಂತ ಒಂದೇ ಹೆಸರು ಇಟ್ಟಿದ್ದಾರೆ. ದುಡಿದ ವರ್ಷದ ಹೆಸರೇ ಕೊನೆಯ ತನಕ ಉಳಿಯುತ್ತದೆ. 2026ರ ಏಪ್ರಿಲ್‌ನಿಂದ 2027ರ ಮಾರ್ಚ್ ತನಕ ದುಡಿದದ್ದು ಟ್ಯಾಕ್ಸ್ ಇಯರ್ 2026-27. ಅದರ ರಿಟರ್ನ್ ಸಲ್ಲಿಸುವುದು 2027ರಲ್ಲಿ, ಆದರೂ ಹೆಸರು 2026-27 ಅಂತಲೇ. ಒಂದು ಸೇರಿಸುವ ಕೆಲಸ ಇಲ್ಲ. ಇದು ಒಳ್ಳೆಯದೇ ಆಯಿತು ಅಂತ ನನಗೆ ಅನಿಸುತ್ತದೆ. ಬರಬೇಕಾಗಿದ್ದು ಬಹಳ ಹಿಂದೆಯೇ.

ಆದರೆ ದಾಟುವ ವರ್ಷದಲ್ಲಿ ಒಂದು ದೊಡ್ಡ ಗುಂಡಿ ಇದೆ. ಹಣಕಾಸು ವರ್ಷ 2025-26ರ ಆದಾಯ ಹಳೆಯ ಕಾಯ್ದೆಯ ಕೆಳಗೇ ಬರುತ್ತದೆ. ಅದರ ಲೆಕ್ಕ ಅಸೆಸ್‌ಮೆಂಟ್ ಇಯರ್ 2026-27. ಈಗ ಎರಡನ್ನೂ ಪಕ್ಕದಲ್ಲಿ ಇಟ್ಟು ನೋಡಿ:

```
1-4-2025 ರಿಂದ 31-3-2026 ಆದಾಯ : Assessment Year 2026-27
1-4-2026 ರಿಂದ 31-3-2027 ಆದಾಯ : Tax Year 2026-27
```

ಅಂಕಿ ಅಕ್ಷರಶಃ ಒಂದೇ. 2026ರ ಜೂನ್ 15ಕ್ಕೆ ಅಡ್ವಾನ್ಸ್ ಟ್ಯಾಕ್ಸ್‌ನ ಮೊದಲ ಕಂತು ಕಟ್ಟಿದರೆ ಅದು ಟ್ಯಾಕ್ಸ್ ಇಯರ್ 2026-27ಕ್ಕೆ. ಅದೇ ಮನುಷ್ಯ ಜುಲೈನಲ್ಲಿ ಹೋದ ವರ್ಷದ ಬಾಕಿ ಕಟ್ಟಿದರೆ ಅದು ಅಸೆಸ್‌ಮೆಂಟ್ ಇಯರ್ 2026-27ಕ್ಕೆ. ಇಲ್ಲಿ ಅಂಕಿ ಓದಿದರೆ ಸಾಲದು, ಅದರ ಹಿಂದಿನ ಪದವನ್ನೂ ಓದಬೇಕು. ಕಾಲೇಜಿನವರೋ ಬ್ಯಾಂಕಿನವರೋ ಬರೀ "26-27ರದು ಕೊಡಿ" ಅಂದರೆ, ದುಡಿದ ದಿನಾಂಕ ಯಾವುದು ಅಂತ ತಿರುಗಿ ಕೇಳಿ.

ಅಸೆಸ್‌ಮೆಂಟ್ ಇಯರ್ 2027-28 ಅಂತ ಬರುವುದಿಲ್ಲ. ಹಾಗಂತ ಆ ಪದ ಪೂರ್ತಿ ಮರೆಯುವಂತೆಯೂ ಇಲ್ಲ. 2026ರ ಮಾರ್ಚ್ 31ರ ತನಕ ದುಡಿದದ್ದರ ನೋಟಿಸು, ಮೇಲ್ಮನವಿ, ಐಟಿಆರ್-ಯು ಎಲ್ಲ ಹಳೆಯ ಹೆಸರಲ್ಲೇ ನಡೆಯುತ್ತವೆ. ಹಾಗಾಗಿ ಅಕ್ಕನ ಮನೆಯ ಫೈಲುಗಳ ಮೇಲೆ ಈಗ ವರ್ಷದ ಹೆಸರು ಬರೆಯುವುದನ್ನು ಬಿಟ್ಟಿದ್ದೇವೆ. ಬೆನ್ನಿನ ಮೇಲೆ ದಪ್ಪ ಪೆನ್ನಿನಲ್ಲಿ "ಏಪ್ರಿಲ್ 2024 – ಮಾರ್ಚ್ 2025" ಅಂತ ತಿಂಗಳು ಬರೆದಿದ್ದಾಳೆ. ಕೆಳಗೆ ಸಣ್ಣ ಅಕ್ಷರದಲ್ಲಿ ಇಲಾಖೆ ಅದನ್ನು ಏನಂತ ಕರೆಯುತ್ತದೆ ಅಂತ ಇದೆ.